ಪಿಂಚಣಿ ಕಚೇರಿ ಸುಮ್ಮನಿದ್ದರೆ ಮುಂದಿನ ದಾರಿ

ಕರ್ನಾಟಕ ಸರ್ಕಾರದ ನೌಕರರ ಪಿಂಚಣಿ ಒಂದೇ ಕಚೇರಿಯಲ್ಲಿ ಮುಗಿಯುವ ಕೆಲಸವಲ್ಲ. ನೌಕರರು ಕೊನೆಯದಾಗಿ ದುಡಿದ ಕಚೇರಿಯ ಮುಖ್ಯಸ್ಥರು ಸೇವಾ ಪುಸ್ತಕ, ಪಿಂಚಣಿ ಅರ್ಜಿ, ಬೇಬಾಕಿ ಪ್ರಮಾಣಪತ್ರ ಎಲ್ಲವನ್ನೂ ಹೊಂದಿಸಿ ಬೆಂಗಳೂರಿನ ಪ್ರಧಾನ ಮಹಾಲೇಖಪಾಲರ ಕಚೇರಿಗೆ ಕಳಿಸುತ್ತಾರೆ. ಜನರ ಬಾಯಲ್ಲಿ ಅದು ‘ಎ.ಜಿ. ಆಫೀಸು’. ಅಲ್ಲಿ ಸೇವಾವಧಿ ಮತ್ತು ಕೊನೆಯ ವೇತನವನ್ನು ತಾಳೆ ನೋಡಿ ಪಿಂಚಣಿ ಪಾವತಿ ಆದೇಶ, ಅಂದರೆ ಪಿ.ಪಿ.ಒ., ಹೊರಡಿಸುತ್ತಾರೆ. ಗ್ರಾಚ್ಯುಟಿಗೂ ಕಮ್ಯುಟೇಷನ್‌ಗೂ ಬೇರೆ ಬೇರೆ ಆದೇಶಗಳಿರುತ್ತವೆ. ಆದೇಶ ಖಜಾನೆಗೆ ಹೋಗುತ್ತದೆ, ಖಜಾನೆಯಿಂದ ಹಣ ಬ್ಯಾಂಕಿನ ಖಾತೆಗೆ ಬರುತ್ತದೆ. ತಿಂಗಳು ಕಳೆದರೂ ಹಣ ಬರದಿದ್ದರೆ ಕಡತ ಈ ನಾಲ್ಕರಲ್ಲಿ ಎಲ್ಲೋ ಒಂದು ಕಡೆ ಕುಳಿತಿದೆ ಎಂದೇ ಅರ್ಥ. ಎಲ್ಲಿ ಎಂಬುದನ್ನು ತಿಳಿಯದೆ ಬರೆದ ದೂರು ಸುತ್ತಾಡಿಕೊಂಡು ಮತ್ತೆ ಹೊರಟಲ್ಲಿಗೇ ಬರುತ್ತದೆ.

ಇಲ್ಲಿ ವಿವರಿಸುವ ದಾರಿ ಮುಖ್ಯವಾಗಿ 2006ರ ಏಪ್ರಿಲ್ 1ಕ್ಕೆ ಮೊದಲು ರಾಜ್ಯ ಸರ್ಕಾರದ ಸೇವೆಗೆ ಸೇರಿ ಹಳೆಯ ಪಿಂಚಣಿ ಪದ್ಧತಿಯಲ್ಲಿ ಇರುವವರದು. ನಂತರ ಸೇರಿದವರು ಎನ್.ಪಿ.ಎಸ್. ವ್ಯವಸ್ಥೆಗೆ ಬರುತ್ತಾರೆ. ಅವರ ದಾರಿ ಬೇರೆ, ಅದು ಕೊನೆಯಲ್ಲಿ ಬರುತ್ತದೆ.

ದಾರಿ ಕಣ್ಣಿಗೆ ಕಟ್ಟಲು ಒಂದು ಕಲ್ಪಿತ ಪ್ರಕರಣವನ್ನು ಇಟ್ಟುಕೊಳ್ಳಬಹುದು. 1990ರಲ್ಲಿ ಸೇವೆಗೆ ಸೇರಿದ ಸರ್ಕಾರಿ ಪ್ರೌಢಶಾಲೆಯ ಶಿಕ್ಷಕರೊಬ್ಬರು 2023ರ ಮೇ 31ರಂದು ನಿವೃತ್ತರಾದರು. ಕಾಗದಪತ್ರಗಳು ಏಪ್ರಿಲ್‌ನಲ್ಲೇ ಎ.ಜಿ. ಕಚೇರಿ ಮುಟ್ಟಿದ್ದವು. ಜೂನ್ ಕಳೆಯಿತು, ಜುಲೈ ಕಳೆಯಿತು, ಪಿಂಚಣಿ ಇಲ್ಲ. ಹಳೆಯ ಕಚೇರಿಯಲ್ಲಿ ವಿಚಾರಿಸಿದರೆ “ಎ.ಜಿ.ಯಲ್ಲಿ ಬಾಕಿ ಇದೆ ಸಾರ್” ಎಂಬ ಉತ್ತರ. ಮೂರು ಸಲ ಹೋದರೂ ಅದೇ ಮಾತು.

ನಿಜವಾಗಿ ಆಗಿದ್ದೇ ಬೇರೆ. ಎ.ಜಿ. ಕಚೇರಿಯವರು ಜೂನ್ 22ರಂದೇ ಒಂದು ಆಕ್ಷೇಪಣೆ ಬರೆದು ಸೇವಾ ಪುಸ್ತಕವನ್ನು ವಾಪಸು ಕಳಿಸಿದ್ದರು. 2000ದಲ್ಲಿ ಸಿಕ್ಕ ಹತ್ತು ವರ್ಷದ ಕಾಲಮಿತಿ ಬಡ್ತಿಯ ನಮೂದು ಪುಸ್ತಕದಲ್ಲಿತ್ತು. ನೀಲಿ ಶಾಯಿಯಲ್ಲಿ ಬರೆದ ಎರಡು ಸಾಲು, ಆದೇಶದ ಸಂಖ್ಯೆ, ಹೊಸ ಮೂಲ ವೇತನ ಎಲ್ಲವೂ ಸರಿಯಾಗಿತ್ತು. ಬಲಗಡೆಯ ಅಂಕಣದಲ್ಲಿ ಕಚೇರಿ ಮುಖ್ಯಸ್ಥರ ಸಹಿ ಮಾತ್ರ ಬಿಟ್ಟುಹೋಗಿತ್ತು. 23 ವರ್ಷದ ಹಿಂದೆ ಯಾರೋ ಹಾಕದೆ ಬಿಟ್ಟ ಆ ಒಂದು ಸಹಿಯ ಮೇಲೆ ಈಗ ಇಡೀ ಪಿಂಚಣಿಯ ಲೆಕ್ಕ ನಿಂತಿತ್ತು. ಆಕ್ಷೇಪಣೆಯ ಪತ್ರ ತಾಲ್ಲೂಕಿನ ಕಚೇರಿಗೆ ಬರುವಷ್ಟರಲ್ಲಿ ಹಳೆಯ ವಿಷಯ ನಿರ್ವಾಹಕರು ವರ್ಗವಾಗಿದ್ದರು. ಹೊಸಬರಿಗೆ ಆ ಲಕೋಟೆಯೊಳಗೆ ಏನಿದೆ ಎಂಬುದೇ ಗೊತ್ತಿರಲಿಲ್ಲ. ಪಿಂಚಣಿ ವಿಳಂಬದ ಬಹುಪಾಲು ಪ್ರಕರಣಗಳು ಹೀಗೇ ಇರುತ್ತವೆ. ಅಲ್ಲಿ ದ್ವೇಷವಿರುವುದಿಲ್ಲ, ಆದೇಶವೂ ಇರುವುದಿಲ್ಲ, ಬರೀ ಮೌನವಿರುತ್ತದೆ. ಆ ಮೌನದ ವಿರುದ್ಧ ಮೇಲ್ಮನವಿ ಹಾಕುವುದು ಹೇಗೆ ಎಂಬುದೇ ಕಷ್ಟದ ಪ್ರಶ್ನೆ. ತಿರಸ್ಕಾರದ ಆದೇಶವೊಂದು ಕೈಗೆ ಬಂದರೆ ಅದನ್ನು ಪ್ರಶ್ನಿಸಬಹುದು, ಬರದೇ ಇರುವ ಉತ್ತರವನ್ನು ಪ್ರಶ್ನಿಸುವುದು ಹೇಗೆ?

ಕಾನೂನಿನಲ್ಲಿ ಇದಕ್ಕೆ ಉತ್ತರವಿದೆ. ಲಿಖಿತ ಮನವಿಯೊಂದನ್ನು ಕೊಟ್ಟ ದಿನದಿಂದ ಆರು ತಿಂಗಳು ಕಳೆದರೂ ಅಂತಿಮ ಉತ್ತರ ಬರದಿದ್ದರೆ ಆ ಮೌನವನ್ನೇ ಪ್ರಶ್ನಿಸಿ ನ್ಯಾಯಮಂಡಳಿಗೆ ಹೋಗಬಹುದು. ಹಾಗಾಗಿ ಎಲ್ಲವೂ ಶುರುವಾಗುವುದು ಆ ಮನವಿಯಿಂದ ಮತ್ತು ಅದರ ಮೇಲೆ ಬಿದ್ದ ತಾರೀಖಿನಿಂದ. ಕಚೇರಿಗೆ ಇಪ್ಪತ್ತು ಸಲ ಅಲೆದದ್ದಕ್ಕೆ, ಫೋನ್ ಮಾಡಿದ್ದಕ್ಕೆ, ಸಾಹೇಬರನ್ನು ಕಂಡು ಕೈಮುಗಿದದ್ದಕ್ಕೆ ಕಾನೂನಿನ ಲೆಕ್ಕದಲ್ಲಿ ಬೆಲೆಯಿಲ್ಲ.

ಮನವಿ ಮತ್ತು ಸ್ವೀಕೃತಿ

ಮನವಿ ಬರೆಯುವ ಮುನ್ನ ಕಡತ ಎಲ್ಲಿದೆ ಎಂದು ತಿಳಿದುಕೊಳ್ಳಬೇಕು. ಎ.ಜಿ. ಕಚೇರಿಯ ಜಾಲತಾಣದಲ್ಲಿ ಪಿಂಚಣಿ ಪ್ರಕರಣದ ಸ್ಥಿತಿ ನೋಡುವ ಸೌಲಭ್ಯವಿದೆ. ಅಲ್ಲಿ ‘ವಾಪಸು ಕಳಿಸಲಾಗಿದೆ’ ಎಂಬರ್ಥದ ಮಾಹಿತಿ ಕಂಡರೆ ಚೆಂಡು ಹಳೆಯ ಕಚೇರಿಯ ಅಂಗಳದಲ್ಲಿದೆ. ಆದೇಶ ಹೊರಟಿದೆ ಎಂದಿದ್ದರೆ ವಿಚಾರಿಸಬೇಕಾದದ್ದು ಖಜಾನೆಯಲ್ಲಿ. ಏನೂ ತಿಳಿಯದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ರಾಜ್ಯದ ಕಚೇರಿಗಳಿಗೆ ಹಾಕುವ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗೆ ಇರಬೇಕು ಎಂಬ ನಿಯಮ ಕರ್ನಾಟಕದಲ್ಲಿದೆ, ಆದ್ದರಿಂದ ಕಷ್ಟಸುಖದ ಕಥೆಗೆ ಅಲ್ಲಿ ಜಾಗವಿಲ್ಲ. ‘ಪಿಂಚಣಿ ಏಕೆ ಬಂದಿಲ್ಲ’ ಎಂದು ಕೇಳಿದರೆ ‘ಪರಿಶೀಲನೆಯಲ್ಲಿದೆ’ ಎಂಬ ಒಂದು ಸಾಲು ಬರುತ್ತದೆ. ಅದರ ಬದಲು ‘ಎ.ಜಿ. ಕಚೇರಿಯಿಂದ ಬಂದ ಆಕ್ಷೇಪಣಾ ಪತ್ರದ ಪ್ರತಿ, ಅದು ಸ್ವೀಕೃತವಾದ ದಿನಾಂಕ, ಅಂದಿನಿಂದ ಇಂದಿನವರೆಗಿನ ಕಡತದ ಟಿಪ್ಪಣಿ ಹಾಳೆಯ ಪ್ರತಿ, ಕಡತ ಈಗ ಯಾರ ಬಳಿ ಇದೆ ಎಂಬುದರ ದಾಖಲೆ’ ಎಂದು ಕೇಳಿದರೆ ಕಾಗದವೇ ಕೈಗೆ ಬರುತ್ತದೆ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅದೇ ಕಚೇರಿಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಎ.ಜಿ. ಕಚೇರಿ ಕೇಂದ್ರದ ವ್ಯಾಪ್ತಿಯದಾದ್ದರಿಂದ ಅದರ ಮೇಲಿನ ಎರಡನೇ ಮೇಲ್ಮನವಿ ದೆಹಲಿಯ ಕೇಂದ್ರ ಮಾಹಿತಿ ಆಯೋಗಕ್ಕೆ ಹೋಗುತ್ತದೆ. ಆದರೆ ಮಾಹಿತಿ ಹಕ್ಕು ಅರ್ಜಿ ಪಿಂಚಣಿ ಕೊಡಿಸುವುದಿಲ್ಲ, ಪಿಂಚಣಿ ಎಲ್ಲಿ ನಿಂತಿದೆ ಎಂಬುದರ ಸಾಕ್ಷ್ಯವನ್ನು ಮಾತ್ರ ಒದಗಿಸುತ್ತದೆ.

ನಮ್ಮ ಶಿಕ್ಷಕರು ಆಕ್ಷೇಪಣೆಯ ಪ್ರತಿ ಪಡೆದು 2023ರ ಸೆಪ್ಟೆಂಬರ್ 4ರಂದು ಲಿಖಿತ ಮನವಿ ಕೊಟ್ಟರು ಎಂದಿಟ್ಟುಕೊಳ್ಳೋಣ. ಒಳ್ಳೆಯ ಮನವಿ ಒಂದು ಪುಟ ದಾಟುವುದಿಲ್ಲ. ಅದರ ತಿರುಳು ಹೀಗಿರುತ್ತದೆ: “ದಿನಾಂಕ 31-05-2023ರಂದು ವಯೋನಿವೃತ್ತಿ ಹೊಂದಿರುತ್ತೇನೆ. ಸೇವಾ ಪುಸ್ತಕದಲ್ಲಿ 2000ನೇ ಸಾಲಿನ ಕಾಲಮಿತಿ ಬಡ್ತಿಯ ನಮೂದಿಗೆ ದೃಢೀಕರಣ ಇಲ್ಲವೆಂದು ಮಹಾಲೇಖಪಾಲರ ಕಚೇರಿಯು ದಿನಾಂಕ 22-06-2023ರಂದು ಆಕ್ಷೇಪಿಸಿ ಹಿಂದಿರುಗಿಸಿರುತ್ತದೆ. ಸದರಿ ನಮೂದನ್ನು ದೃಢೀಕರಿಸಿ ಪ್ರಸ್ತಾವನೆಯನ್ನು ಮರುಸಲ್ಲಿಸುವಂತೆಯೂ, ಪಿಂಚಣಿ ಹಾಗೂ ಗ್ರಾಚ್ಯುಟಿಯನ್ನು ವಿಳಂಬದ ಅವಧಿಯ ಬಡ್ಡಿಯೊಂದಿಗೆ ಪಾವತಿಸುವಂತೆಯೂ ಕೋರುತ್ತೇನೆ.” ಬಡ್ಡಿಯ ಮಾತನ್ನು ಮೊದಲ ಮನವಿಯಲ್ಲೇ ಬರೆದಿಟ್ಟಿರಬೇಕು. ಮುಂದೆ ಅದನ್ನು ಕೇಳುವಾಗ ‘ಮೊದಲೇ ಕೇಳಿರಲಿಲ್ಲ’ ಎಂಬ ತಕರಾರಿಗೆ ಆಸ್ಪದವಿರುವುದಿಲ್ಲ.

ಮನವಿಯನ್ನು ವಿಷಯ ನಿರ್ವಾಹಕರ ಕೈಗೆ ಕೊಟ್ಟು ಬರಬಾರದು, ಟಪಾಲು ವಿಭಾಗದಲ್ಲಿ ಕೊಡಬೇಕು. ಎರಡನೇ ಪ್ರತಿಯ ಮೇಲೆ ನೇರಳೆ ಬಣ್ಣದ ಕಚೇರಿ ಮೊಹರು, ಅದರೊಳಗೆ ದಿನಾಂಕ, ಪಕ್ಕದಲ್ಲಿ ಸ್ವೀಕೃತಿ ಸಂಖ್ಯೆ, ಕೆಳಗೊಂದು ಕಿರುಸಹಿ ಇರಬೇಕು. ದಿನಾಂಕವಿಲ್ಲದ ಮೊಹರಿನಿಂದ ಪ್ರಯೋಜನವಿಲ್ಲ. ಮೊಹರು ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿಯನ್ನೂ, ಮುಟ್ಟಿದ ವಿವರದ ಮುದ್ರಿತ ಪ್ರತಿಯನ್ನೂ ಇಟ್ಟುಕೊಳ್ಳಬೇಕು. ಮನವಿಯ ಪ್ರತಿಗಳು ಇಲಾಖೆಯ ಮುಖ್ಯಸ್ಥರಿಗೆ ಹಾಗೂ ಎ.ಜಿ. ಕಚೇರಿಯ ಪಿಂಚಣಿ ವಿಭಾಗಕ್ಕೂ ಹೋಗಲಿ.

ಮುಂದಿನ ಆರು ತಿಂಗಳು ಕೈಕಟ್ಟಿ ಕೂರುವ ಕಾಲವಲ್ಲ. ಒಂದು ತಿಂಗಳ ನಂತರ ಇಲಾಖೆಯ ಜಿಲ್ಲಾ ಅಧಿಕಾರಿಗೆ, ಅಲ್ಲಿಂದ ಆಯುಕ್ತರಿಗೆ ಬರೆಯಬಹುದು. ಎ.ಜಿ. ಕಚೇರಿ ಆಗಾಗ ಜಿಲ್ಲೆಗಳಲ್ಲಿ ಪಿಂಚಣಿ ಅದಾಲತ್ ನಡೆಸುತ್ತದೆ. ಇಲಾಖೆಯವರು, ಖಜಾನೆಯವರು, ಎ.ಜಿ.ಯವರು ಒಂದೇ ಮೇಜಿನ ಸುತ್ತ ಕೂರುವುದರಿಂದ ಸಹಿಯ ಕೊರತೆ, ಹೆಸರಿನ ವ್ಯತ್ಯಾಸ, ಜನ್ಮದಿನಾಂಕದ ತಪ್ಪಿನಂಥವು ಅಲ್ಲಿ ಬೇಗ ಬಗೆಹರಿಯುತ್ತವೆ. ಅದಾಲತ್ ನ್ಯಾಯಾಲಯವಲ್ಲ, ಅದರ ಮಾತಿಗೆ ತೀರ್ಪಿನ ಬಲವಿಲ್ಲ. ಹಕ್ಕಿನ ಬಗ್ಗೆಯೇ ತಕರಾರಿದ್ದರೆ ಅಲ್ಲಿ ಏನೂ ಆಗದು. ರಾಜ್ಯದ ಜನಸ್ಪಂದನ ವ್ಯವಸ್ಥೆಯಲ್ಲಿ 1902 ಸಹಾಯವಾಣಿಯ ಮೂಲಕವೂ ದೂರು ದಾಖಲಿಸಬಹುದು. ಆದರೆ ಒಂದು ಎಚ್ಚರಿಕೆ: ದೂರನ್ನು ಕೆಳಗಿನ ಕಚೇರಿಗೆ ವರ್ಗಾಯಿಸಿದ್ದನ್ನೇ ವಿಲೇವಾರಿ ಎಂದು ತೋರಿಸಿಬಿಡುವುದುಂಟು. ಅಂಥ ದೂರು ಸಕ್ಷಮ ಅಧಿಕಾರಿಗೆ ಕೊಟ್ಟ ಮನವಿಗೆ ಬದಲಿಯಾಗಲಾರದು. ಎರಡೂ ಜೊತೆಜೊತೆಗೆ ನಡೆಯಬೇಕು.

ಮೌನದ ಬದಲು ಲಿಖಿತ ನಿರಾಕರಣೆಯೋ ಕಡಿತದ ಆದೇಶವೋ ಬಂದರೆ ದಾರಿ ಸ್ವಲ್ಪ ತಿರುಗುತ್ತದೆ. ಆಗ ಸೇವಾ ನಿಯಮಗಳಲ್ಲಿ ಇಲಾಖೆಯೊಳಗಿನ ಮೇಲ್ಮನವಿಗೆ ಅವಕಾಶವಿದೆಯೇ ಎಂದು ನೋಡಿ, ಇದ್ದರೆ ನಿಗದಿತ ಅವಧಿಯೊಳಗೆ ಅದನ್ನು ಸಲ್ಲಿಸಬೇಕು. ಸೇವಾ ಪುಸ್ತಕದ ಮರುಪರಿಶೀಲನೆಯಲ್ಲಿ ‘ಹೆಚ್ಚು ವೇತನ ಪಾವತಿಯಾಗಿದೆ’ ಎಂದು ಕಂಡುಕೊಂಡು ಗ್ರಾಚ್ಯುಟಿಯಿಂದ ಕಡಿಯಲು ಹೊರಡುವುದು ಇಂಥ ಆದೇಶಗಳಲ್ಲಿ ಸಾಮಾನ್ಯ. ನೌಕರರ ತಪ್ಪಿಲ್ಲದೆ ಆದ ಹೆಚ್ಚುವರಿ ಪಾವತಿಯನ್ನು ‘ಸಿ’ ಮತ್ತು ‘ಡಿ’ ದರ್ಜೆಯವರಿಂದ, ನಿವೃತ್ತರಿಂದ ಹಾಗೂ ಒಂದು ವರ್ಷದೊಳಗೆ ನಿವೃತ್ತರಾಗುವವರಿಂದ ವಸೂಲಿ ಮಾಡಬಾರದೆಂದು ಸುಪ್ರೀಂ ಕೋರ್ಟ್ 2014ರ ರಫೀಕ್ ಮಸೀಹ್ ಪ್ರಕರಣದಲ್ಲಿ ಹೇಳಿದೆ. ಮೇಲ್ಮನವಿಯಲ್ಲಿ ಆ ತೀರ್ಪಿನ ಹೆಸರು ಬರೆದರೆ ಎಷ್ಟೋ ಕಡಿತಗಳು ಅಲ್ಲಿಗೇ ನಿಲ್ಲುತ್ತವೆ.

ಇಲಾಖಾ ವಿಚಾರಣೆಯೋ ಕ್ರಿಮಿನಲ್ ಪ್ರಕರಣವೋ ಬಾಕಿ ಇದ್ದವರ ಸ್ಥಿತಿ ಬೇರೆ. ಅವರ ಗ್ರಾಚ್ಯುಟಿಯನ್ನು ವಿಚಾರಣೆ ಮುಗಿಯುವವರೆಗೆ ತಡೆಹಿಡಿಯಬಹುದು, ಆದರೆ ಕರ್ನಾಟಕ ನಾಗರಿಕ ಸೇವಾ ನಿಯಮಾವಳಿಯ 214-ಎ ನಿಯಮದ ಪ್ರಕಾರ ತಾತ್ಕಾಲಿಕ ಪಿಂಚಣಿ ಕೊಡಬೇಕು. ‘ವಿಚಾರಣೆ ಬಾಕಿ ಇದೆ’ ಎಂಬ ಒಂದೇ ಮಾತಿನಲ್ಲಿ ಎಲ್ಲವನ್ನೂ ನಿಲ್ಲಿಸಿದ್ದರೆ ಮನವಿಯಲ್ಲಿ ಈ ನಿಯಮವನ್ನೇ ಎತ್ತಬೇಕು.

ಲೋಕಾಯುಕ್ತದ ಬಾಗಿಲು

ಬೇರೆ ದೇಶಗಳಲ್ಲಿ ಓಂಬುಡ್ಸ್‌ಮನ್ ಎಂದು ಕರೆಯುವ ಸಂಸ್ಥೆಗೆ ಕರ್ನಾಟಕದಲ್ಲಿ ಲೋಕಾಯುಕ್ತ ಎಂಬ ಹೆಸರು. 1984ರ ಲೋಕಾಯುಕ್ತ ಕಾಯ್ದೆ ಎಂದಕೂಡಲೇ ಜನರಿಗೆ ಲಂಚದ ದಾಳಿಗಳು ನೆನಪಾಗುತ್ತವೆ. ಆದರೆ ಕಾಯ್ದೆಯಲ್ಲಿ ಎರಡು ಬಗೆಯ ದೂರುಗಳಿವೆ. ಒಂದು ಆರೋಪ, ಅಂದರೆ ಲಂಚ, ಅಧಿಕಾರ ದುರುಪಯೋಗ. ಇನ್ನೊಂದು ಕುಂದುಕೊರತೆ, ಅಂದರೆ ದುರಾಡಳಿತದಿಂದ, ಅತಿಯಾದ ವಿಳಂಬದಿಂದ ಒಬ್ಬರಿಗಾದ ಅನ್ಯಾಯ.

ನೌಕರರ ನೇಮಕಾತಿ, ವೇತನ, ಶಿಸ್ತು ಮುಂತಾದ ಸೇವಾ ವಿಷಯಗಳ ಕುಂದುಕೊರತೆಯನ್ನು ಲೋಕಾಯುಕ್ತ ವಿಚಾರಿಸುವಂತಿಲ್ಲ ಎಂದು ಕಾಯ್ದೆಯ ಎರಡನೇ ಅನುಸೂಚಿ ಹೇಳುತ್ತದೆ. ಆದರೆ ಅದೇ ವಾಕ್ಯದಲ್ಲಿ ಪಿಂಚಣಿ, ಗ್ರಾಚ್ಯುಟಿ, ಭವಿಷ್ಯ ನಿಧಿ ಮತ್ತು ನಿವೃತ್ತಿಯಿಂದ ಹುಟ್ಟುವ ಇತರ ಬೇಡಿಕೆಗಳನ್ನು ಆ ನಿಷೇಧದಿಂದ ಹೊರಗಿಟ್ಟಿದೆ. ಸೇವೆಯಲ್ಲಿರುವವರಿಗೆ ಮುಚ್ಚಿದ ಬಾಗಿಲನ್ನು ನಿವೃತ್ತರಿಗಾಗಿ ಬೇಕೆಂದೇ ತೆರೆದಿಟ್ಟ ಈ ಸಾಲು ಬಹಳ ಮಂದಿಗೆ ಗೊತ್ತಿಲ್ಲ. ‘ಸೇವಾ ವಿಷಯ, ಇಲ್ಲಿ ಬರುವುದಿಲ್ಲ’ ಎಂಬ ಮಾತು ಕೇಳಿ ಹಿಂದಿರುಗಿದವರು ಈ ಅನುಸೂಚಿಯನ್ನು ತೋರಿಸಬಹುದು.

ದೂರು ನಿಗದಿತ ನಮೂನೆಯಲ್ಲಿರಬೇಕು, ಜೊತೆಗೆ ಪ್ರಮಾಣಪತ್ರ, ಅಂದರೆ ಅಫಿಡವಿಟ್ ಇರಬೇಕು. ಕುಂದುಕೊರತೆಯ ದೂರಿಗೆ ವಿಷಯ ತಿಳಿದ ದಿನದಿಂದ ಆರು ತಿಂಗಳ ಮಿತಿಯಿದೆ, ಸಕಾರಣವಿದ್ದರೆ ತಡವನ್ನು ಮನ್ನಿಸಬಹುದು. ನ್ಯಾಯಮಂಡಳಿಯಂಥ ಬೇರೆ ಪರಿಹಾರವಿದ್ದೂ ಬಳಸಿಲ್ಲ ಎಂಬ ಕಾರಣಕ್ಕೆ ದೂರನ್ನು ಕೈಬಿಡಲು ಕಾಯ್ದೆಯಲ್ಲಿ ದಾರಿಯಿದೆ. ಆದ್ದರಿಂದ ದೂರಿನಲ್ಲಿ ‘ನನಗೆ ಇಷ್ಟು ಪಿಂಚಣಿ ಬರಬೇಕಿತ್ತು’ ಎಂಬ ಲೆಕ್ಕದ ತಕರಾರಿಗಿಂತ ‘ಇಂಥ ದಿನ ಬಂದ ಆಕ್ಷೇಪಣೆಗೆ ಇಂಥ ಅಧಿಕಾರಿ ಇಷ್ಟು ತಿಂಗಳು ಉತ್ತರಿಸಿಲ್ಲ’ ಎಂಬ ವಿಳಂಬದ ಸಂಗತಿಯೇ ಮುಂದಿರಬೇಕು. ದೂರು ನಿಜವೆಂದು ಕಂಡರೆ ಅನ್ಯಾಯವನ್ನು ಇಷ್ಟು ಸಮಯದೊಳಗೆ ಸರಿಪಡಿಸಿ ಎಂದು ಲೋಕಾಯುಕ್ತ ಅಥವಾ ಉಪಲೋಕಾಯುಕ್ತರು ವರದಿ ಕೊಡುತ್ತಾರೆ. ಅದು ಶಿಫಾರಸು, ಡಿಕ್ರಿಯಲ್ಲ. ಆದರೂ ಸಂಬಂಧಿಸಿದ ಅಧಿಕಾರಿಗೆ ವಿವರಣೆ ಕೇಳಿ ನೋಟಿಸ್ ಹೋದ ದಿನವೇ ಸೇವಾ ಪುಸ್ತಕ ಕಪಾಟಿನಿಂದ ಹೊರಬರುವುದು ಅಪರೂಪವಲ್ಲ. ಕಡತ ಕದಲಿಸಲು ಯಾರಾದರೂ ಹಣ ಕೇಳಿದ್ದರೆ ಅದು ಕುಂದುಕೊರತೆಯಲ್ಲ, ಲೋಕಾಯುಕ್ತ ಪೊಲೀಸರ ಮುಂದೆ ಕೊಡಬೇಕಾದ ಬೇರೆಯೇ ದೂರು.

ಲೋಕಾಯುಕ್ತದಲ್ಲಿ ದೂರು ಇದೆ ಎಂದು ನ್ಯಾಯಮಂಡಳಿಯ ಗಡಿಯಾರ ನಿಲ್ಲುವುದಿಲ್ಲ. ಈ ಮಾತನ್ನು ಮರೆತವರು ಬಹಳ ಕಳೆದುಕೊಂಡಿದ್ದಾರೆ.

ನ್ಯಾಯಮಂಡಳಿ

1985ರ ಆಡಳಿತ ನ್ಯಾಯಮಂಡಳಿಗಳ ಕಾಯ್ದೆಯ ಅಡಿಯಲ್ಲಿ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ 1986ರಲ್ಲಿ ಸ್ಥಾಪನೆಯಾಯಿತು. ಕಾಯ್ದೆ ‘ಸೇವಾ ವಿಷಯ’ ಎಂಬುದರೊಳಗೆ ಪಿಂಚಣಿ ಮತ್ತು ನಿವೃತ್ತಿ ಸೌಲಭ್ಯಗಳನ್ನು ಸ್ಪಷ್ಟವಾಗಿ ಸೇರಿಸಿದೆ. ಬೆಂಗಳೂರಿನ ಪ್ರಧಾನ ಪೀಠದ ಜೊತೆಗೆ ಬೆಳಗಾವಿ ಮತ್ತು ಕಲಬುರಗಿಯಲ್ಲೂ ಪೀಠಗಳಿವೆ. ವಕೀಲರಿಲ್ಲದೆ ಅರ್ಜಿದಾರರೇ ವಾದ ಮಾಡಲು ಕಾಯ್ದೆ ಅವಕಾಶ ಕೊಟ್ಟಿದೆ.

ಇಲ್ಲಿ ಎರಡು ಕಲಮುಗಳನ್ನು ಕೂಡಿಸಿ ಓದಬೇಕು. 20ನೇ ಕಲಮಿನ ಪ್ರಕಾರ ಲಭ್ಯವಿರುವ ಪರಿಹಾರಗಳನ್ನೆಲ್ಲ ಬಳಸಿದ ಮೇಲೆಯೇ ಸಾಮಾನ್ಯವಾಗಿ ಅರ್ಜಿ ಸ್ವೀಕಾರವಾಗುತ್ತದೆ. ಮನವಿ ಕೊಟ್ಟು ಆರು ತಿಂಗಳಾದರೂ ಅಂತಿಮ ಆದೇಶ ಬರದಿದ್ದರೆ ಪರಿಹಾರವನ್ನು ಬಳಸಿದಂತೆಯೇ ಲೆಕ್ಕ. 21ನೇ ಕಲಮಿನ ಪ್ರಕಾರ ಆ ಆರು ತಿಂಗಳು ಮುಗಿದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ನಮ್ಮ ಶಿಕ್ಷಕರ ಮನವಿಯ ಮೇಲಿದ್ದ ತಾರೀಖು 2023ರ ಸೆಪ್ಟೆಂಬರ್ 4. ಆರು ತಿಂಗಳು 2024ರ ಮಾರ್ಚ್ 4ಕ್ಕೆ ಮುಗಿಯುತ್ತದೆ. ಅಂದಿನಿಂದ 2025ರ ಮಾರ್ಚ್ 4ರವರೆಗೆ ನ್ಯಾಯಮಂಡಳಿಯ ಬಾಗಿಲು ತೆರೆದಿರುತ್ತದೆ. ನಡುವೆ ಲಿಖಿತ ತಿರಸ್ಕಾರ ಬಂದರೆ ಆ ಆದೇಶದ ದಿನದಿಂದ ಒಂದು ವರ್ಷ.

ಮನವಿಯ ಮೇಲೆ ಮನವಿ ಕೊಡುತ್ತ ಹೋದರೆ ಕಾಲಮಿತಿಯೂ ಮುಂದಕ್ಕೆ ಹೋಗುತ್ತದೆ ಎಂದು ಅನೇಕರು ನಂಬಿದ್ದಾರೆ. ಅದು ತಪ್ಪು. ಕಾನೂನಿನಲ್ಲಿ ಇಲ್ಲದ ಪುನರಾವರ್ತಿತ ಮನವಿಗಳಿಂದ ಮಿತಿ ಹಿಗ್ಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಎಸ್.ಎಸ್. ರಾಥೋರ್ ಪ್ರಕರಣದಲ್ಲಿ 1989ರಲ್ಲೇ ಹೇಳಿದೆ. ನೆನಪೋಲೆಗಳನ್ನು ಬರೆಯಬಹುದು, ಆದರೆ ಎಣಿಕೆ ಮೊದಲ ಮನವಿಯಿಂದಲೇ. ತಡವಾಗಿದ್ದರೆ ವಿಳಂಬ ಮನ್ನಿಸುವಂತೆ ಕಾರಣಸಹಿತ ಅರ್ಜಿ ಹಾಕಬೇಕು. ಪಿಂಚಣಿಯ ವಿಷಯದಲ್ಲಿ ಒಂದು ರಿಯಾಯಿತಿಯೂ ಇದೆ. ಪ್ರತಿ ತಿಂಗಳೂ ಬರಬೇಕಾದ ಹಣ ಬಾರದಿದ್ದರೆ ಅದು ಮುಂದುವರಿಯುತ್ತಲೇ ಇರುವ ತಪ್ಪು. ಆದರೆ ಹಾಗೆ ತಡವಾಗಿ ಬಂದವರಿಗೆ ಸಾಮಾನ್ಯವಾಗಿ ಅರ್ಜಿಯ ಹಿಂದಿನ ಮೂರು ವರ್ಷದ ಬಾಕಿ ಮಾತ್ರ ಸಿಗುತ್ತದೆ ಎಂದು 2008ರ ತರ್ಸೇಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಹದಿನೈದು ವರ್ಷ ಸುಮ್ಮನಿದ್ದ ಕುಟುಂಬ ಪಿಂಚಣಿದಾರರು ಗೆದ್ದರೂ ಹನ್ನೆರಡು ವರ್ಷದ ಹಣ ಹೋದಂತೆಯೇ.

ಅರ್ಜಿಯಲ್ಲಿ ಯಾರನ್ನು ಪ್ರತಿವಾದಿಗಳನ್ನಾಗಿ ಮಾಡಬೇಕು ಎಂಬುದು ಮುಖ್ಯ. ಇಲಾಖೆಯ ಕಾರ್ಯದರ್ಶಿಯ ಮೂಲಕ ಸರ್ಕಾರ, ಇಲಾಖೆಯ ಮುಖ್ಯಸ್ಥರು, ಪ್ರಸ್ತಾವನೆ ಕಳಿಸಬೇಕಾದ ಕಚೇರಿ ಮುಖ್ಯಸ್ಥರು, ಮಹಾಲೇಖಪಾಲರು ಇಷ್ಟು ಮಂದಿ ಇರಲೇಬೇಕು. ಮಹಾಲೇಖಪಾಲರನ್ನು ಬಿಟ್ಟರೆ ಇಲಾಖೆ ‘ನಾವು ಕಳಿಸಿದ್ದೇವೆ, ಅಲ್ಲಿ ಬಾಕಿ’ ಎನ್ನುತ್ತದೆ, ಆ ಮಾತಿಗೆ ಉತ್ತರ ಹೇಳಲು ನ್ಯಾಯಮಂಡಳಿಯ ಮುಂದೆ ಯಾರೂ ಇರುವುದಿಲ್ಲ.

ಅದಕ್ಕಿಂತಲೂ ಮುಖ್ಯವಾದದ್ದು ಕೋರಿಕೆಯ ಒಕ್ಕಣೆ. ‘ನನ್ನ ಮನವಿಯನ್ನು ಪರಿಗಣಿಸುವಂತೆ ನಿರ್ದೇಶಿಸಿ’ ಎಂದು ಕೇಳಿದರೆ ಆದೇಶ ಬೇಗ ಸಿಗುತ್ತದೆ, ಹಾಗಾಗಿ ಬಹಳ ಅರ್ಜಿಗಳು ಹೀಗೇ ಇರುತ್ತವೆ. ಆದರೆ ಪರಿಗಣಿಸುವುದು ಎಂದರೆ ಒಪ್ಪುವುದು ಎಂದಲ್ಲ. ಇಲಾಖೆ ಮೂರು ತಿಂಗಳ ನಂತರ ಎರಡು ಸಾಲಿನ ಹಿಂಬರಹ ಬರೆದು ತಿರಸ್ಕರಿಸಿದರೆ ಆದೇಶ ಪಾಲನೆಯಾದಂತೆ. ಅರ್ಜಿದಾರರು ಮತ್ತೆ ಹೊಸ ಅರ್ಜಿಯೊಂದಿಗೆ ಮೊದಲಿನಿಂದ ಶುರು ಮಾಡಬೇಕು. ಅದರ ಬದಲು ಸೇವಾ ಪುಸ್ತಕದ ನಮೂದನ್ನು ದೃಢೀಕರಿಸಿ ಪ್ರಸ್ತಾವನೆಯನ್ನು ಇಂತಿಷ್ಟು ವಾರದೊಳಗೆ ಕಳಿಸಬೇಕು, ಆ ನಂತರ ಇಂತಿಷ್ಟು ವಾರದೊಳಗೆ ಪಿಂಚಣಿ ಆದೇಶ ಹೊರಡಬೇಕು, ಇಂಥ ದಿನದಿಂದ ಬಡ್ಡಿ ಕೊಡಬೇಕು, ಅಲ್ಲಿಯವರೆಗೆ ಮಧ್ಯಂತರ ಆದೇಶದ ಮೂಲಕ ತಾತ್ಕಾಲಿಕ ಪಿಂಚಣಿ ಕೊಡಬೇಕು ಎಂದು ಒಂದೊಂದನ್ನೂ ಬಿಡಿಸಿ ಕೇಳುವುದು ಲೇಸು.

ಬಡ್ಡಿಯ ಬೇಡಿಕೆಗೆ ಬೆನ್ನೆಲುಬಾಗಿರುವುದು ಕೇರಳದ ಒಂದು ಹಳೆಯ ಪ್ರಕರಣ. ಪದ್ಮನಾಭನ್ ನಾಯರ್ ಎಂಬ ನೌಕರರು 1973ರ ಮೇ ತಿಂಗಳಲ್ಲಿ ನಿವೃತ್ತರಾದರು, ಹಣ ಕೈಸೇರಿದ್ದು 1975ರ ಆಗಸ್ಟ್‌ನಲ್ಲಿ. ಕೊನೆಯ ವೇತನ ಪ್ರಮಾಣಪತ್ರ ಸಕಾಲಕ್ಕೆ ಬಾರದ್ದೇ ತಡಕ್ಕೆ ಕಾರಣವಾಗಿತ್ತು. ಪಿಂಚಣಿ, ಗ್ರಾಚ್ಯುಟಿ ಭಿಕ್ಷೆಯಲ್ಲ, ನೌಕರರ ಆಸ್ತಿ, ತಪ್ಪಿನಿಂದಾದ ವಿಳಂಬಕ್ಕೆ ಬಡ್ಡಿಯ ದಂಡ ತೆರಲೇಬೇಕು, ಆ ಹೊಣೆ ನಿವೃತ್ತಿಯಾಗಿ ಎರಡು ತಿಂಗಳು ಕಳೆದ ಕೂಡಲೇ ಶುರುವಾಗುತ್ತದೆ ಎಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ನಾಯರ್ ಶೇ 12ರ ಬಡ್ಡಿ ಕೇಳಿದ್ದರೂ ಕೆಳಗಿನ ನ್ಯಾಯಾಲಯ ಶೇ 6 ಕೊಟ್ಟಿತ್ತು. ಅವರು ಅದನ್ನು ಪ್ರಶ್ನಿಸದೆ ಒಪ್ಪಿಕೊಂಡಿದ್ದರಿಂದ ಸುಪ್ರೀಂ ಕೋರ್ಟ್ ವಿಷಾದಿಸುತ್ತಲೇ ಅಷ್ಟಕ್ಕೇ ಬಿಟ್ಟಿತು. 2013ರಲ್ಲಿ ಜಿತೇಂದ್ರ ಕುಮಾರ್ ಶ್ರೀವಾಸ್ತವ ಪ್ರಕರಣದಲ್ಲಿ ಅದೇ ನ್ಯಾಯಾಲಯ ಪಿಂಚಣಿಯನ್ನು ಸಂವಿಧಾನದ 300ಎ ವಿಧಿಯ ಅರ್ಥದಲ್ಲಿ ಆಸ್ತಿ ಎಂದು ಕರೆದು, ಕಾನೂನಿನ ಬಲವಿಲ್ಲದೆ ಬರೀ ಆಡಳಿತದ ಸೂಚನೆಯಿಂದ ಅದನ್ನು ತಡೆಯುವಂತಿಲ್ಲ ಎಂದಿತು.

ಶಿಕ್ಷಕರ ಲೆಕ್ಕಕ್ಕೆ ಬಂದರೆ, ಗ್ರಾಚ್ಯುಟಿ 12 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ನಿವೃತ್ತಿಯ ನಂತರದ ಎರಡು ತಿಂಗಳು 2023ರ ಜುಲೈ 31ಕ್ಕೆ ಮುಗಿದವು. ಅರ್ಜಿ 2024ರ ಏಪ್ರಿಲ್‌ನಲ್ಲಿ ಬಿತ್ತು, ನೋಟಿಸ್ ಹೋದ ಮೇಲೆ ಸಹಿ ಬಿತ್ತು, ಹಣ 2024ರ ಜುಲೈ 31ಕ್ಕೆ ಬಂತು ಎಂದಾದರೆ ವಿಳಂಬ ಸರಿಯಾಗಿ ಒಂದು ವರ್ಷ. ಶೇ 6ರಂತೆ ಬಡ್ಡಿ 72,000 ರೂಪಾಯಿ, ಶೇ 8ರಂತೆ 96,000. ದರವನ್ನು ತೀರ್ಮಾನಿಸುವುದು ನ್ಯಾಯಮಂಡಳಿ. ಹಣ ಬಂದ ತಕ್ಷಣ ಸಮಾಧಾನಪಟ್ಟು ಅರ್ಜಿಯನ್ನು ವಾಪಸು ಪಡೆದರೆ ಈ ಬಡ್ಡಿಯೂ ಹೋಗುತ್ತದೆ. ಮೂಲ ಹಣ ಬಂದಿದೆ, ಬಡ್ಡಿಯ ಬೇಡಿಕೆ ಉಳಿದಿದೆ ಎಂದು ಜ್ಞಾಪನ ಪತ್ರ ಸಲ್ಲಿಸಿ ಮುಂದುವರಿಸಬಹುದು.

ನ್ಯಾಯಮಂಡಳಿಯ ಆದೇಶ ಒಪ್ಪಿಗೆಯಾಗದಿದ್ದರೆ ಹೈಕೋರ್ಟ್‌ನ ವಿಭಾಗೀಯ ಪೀಠದ ಮುಂದೆ ರಿಟ್ ಅರ್ಜಿ ಹಾಕಬೇಕು. 1997ರ ಎಲ್. ಚಂದ್ರಕುಮಾರ್ ತೀರ್ಪಿನ ನಂತರ ಇದೇ ಕ್ರಮ, ಬೆಂಗಳೂರಲ್ಲದೆ ಧಾರವಾಡ ಮತ್ತು ಕಲಬುರಗಿ ಪೀಠಗಳಲ್ಲೂ ಇದು ಸಾಧ್ಯ. ಆದೇಶ ಗೆದ್ದರೂ ಇಲಾಖೆ ಪಾಲಿಸದಿದ್ದರೆ 17ನೇ ಕಲಮಿನ ಪ್ರಕಾರ ನ್ಯಾಯಮಂಡಳಿಗೇ ನಿಂದನೆಯ ಅಧಿಕಾರವಿದೆ. ಆದೇಶ ಮೀರಿದ ದಿನದಿಂದ ಒಂದು ವರ್ಷದೊಳಗೆ ಆ ಅರ್ಜಿ ಹಾಕಬೇಕು. ಆದೇಶದ ದೃಢೀಕೃತ ಪ್ರತಿಯನ್ನು ಅರ್ಜಿದಾರರೇ ಮೊಹರಿನ ಸ್ವೀಕೃತಿಯೊಂದಿಗೆ ಕಚೇರಿಗೆ ತಲುಪಿಸಿದ್ದರೆ ‘ಆದೇಶ ನಮಗೆ ಬಂದಿಲ್ಲ’ ಎಂಬ ನೆಪಕ್ಕೆ ಅವಕಾಶವಿರುವುದಿಲ್ಲ.

ಬೇರೆ ಬಾಗಿಲುಗಳು

ಸರ್ಕಾರಿ ನೌಕರರ ಪಿಂಚಣಿಗೆ ಗ್ರಾಹಕ ಆಯೋಗ ಸರಿಯಾದ ಜಾಗವಲ್ಲ. ಸರ್ಕಾರಿ ನೌಕರರು ನಿವೃತ್ತಿ ಸೌಲಭ್ಯದ ತಕರಾರನ್ನು ಅಲ್ಲಿಗೆ ಒಯ್ಯುವಂತಿಲ್ಲ ಎಂದು 2013ರ ಜಗಮಿತ್ತರ್ ಸೇನ್ ಭಗತ್ ಪ್ರಕರಣದಲ್ಲಿ ತೀರ್ಮಾನವಾಗಿದೆ. ಭವಿಷ್ಯ ನಿಧಿ ಸಂಸ್ಥೆಯ ಪಿಂಚಣಿದಾರರಿಗೆ ಮಾತ್ರ ಇದು ತಿರುಗುಮುರುಗು. ಆ ಸಂಸ್ಥೆ ಕೊಡುವುದು ಗ್ರಾಹಕ ಕಾಯ್ದೆಯ ಅರ್ಥದ ಸೇವೆ ಎಂದು ಸುಪ್ರೀಂ ಕೋರ್ಟ್ 1999ರಲ್ಲಿ ಒಪ್ಪಿರುವುದರಿಂದ, ಸಂಸ್ಥೆಯ ಕುಂದುಕೊರತೆ ತಾಣ EPFiGMS ಮತ್ತು ಪ್ರಾದೇಶಿಕ ಆಯುಕ್ತರ ಬಳಿ ಕೆಲಸವಾಗದಿದ್ದರೆ ಅವರು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು.

ರಾಜ್ಯ ನ್ಯಾಯಮಂಡಳಿಯ ವ್ಯಾಪ್ತಿಗೂ ಎಲ್ಲೆಯಿದೆ. ಅಧೀನ ನ್ಯಾಯಾಲಯಗಳ ಸಿಬ್ಬಂದಿ ಅದರೊಳಗೆ ಬರುವುದಿಲ್ಲ. ನಿಗಮ, ಮಂಡಳಿ, ವಿಶ್ವವಿದ್ಯಾಲಯಗಳ ನೌಕರರು ಅಧಿಸೂಚನೆ ಇಲ್ಲದಿದ್ದರೆ ಹೈಕೋರ್ಟಿಗೇ ಹೋಗಬೇಕು. ಕೇಂದ್ರ ಸರ್ಕಾರದ ನಿವೃತ್ತರಿಗೆ ಬೆಂಗಳೂರಿನಲ್ಲಿ ಕೇಂದ್ರ ಆಡಳಿತ ನ್ಯಾಯಮಂಡಳಿಯ ಪೀಠವಿದೆ, ಸೈನ್ಯದವರಿಗೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯಿದೆ. ಎನ್.ಪಿ.ಎಸ್.ನವರು ಮೊದಲು ತಮ್ಮ ನೋಡಲ್ ಕಚೇರಿಗೆ ಅಥವಾ ದಾಖಲೆ ನಿರ್ವಹಣಾ ಸಂಸ್ಥೆಗೆ ದೂರು ಕೊಡಬೇಕು. 30 ದಿನದಲ್ಲಿ ಪರಿಹಾರವಾಗದಿದ್ದರೆ ಎನ್.ಪಿ.ಎಸ್. ಟ್ರಸ್ಟ್, ಅಲ್ಲಿಂದ ಪಿಂಚಣಿ ನಿಧಿ ಪ್ರಾಧಿಕಾರದ ಓಂಬುಡ್ಸ್‌ಮನ್.

ಕೊನೆಯದಾಗಿ ಬ್ಯಾಂಕು. ಪಿ.ಪಿ.ಒ. ಹೊರಟು ಬ್ಯಾಂಕಿನ ಪಿಂಚಣಿ ಕೇಂದ್ರ ಮುಟ್ಟಿದ ಮೇಲೂ ಹಣ ಜಮೆಯಾಗದಿದ್ದರೆ, ಜೀವಿತ ಪ್ರಮಾಣಪತ್ರ ಕೊಟ್ಟಿದ್ದರೂ ಪಿಂಚಣಿ ನಿಂತರೆ ಅದು ಇಲಾಖೆಯ ತಪ್ಪಲ್ಲ. ಸರ್ಕಾರಿ ಪಿಂಚಣಿಯನ್ನು ತಡವಾಗಿ ಜಮೆ ಮಾಡಿದ ಬ್ಯಾಂಕು ವರ್ಷಕ್ಕೆ ಶೇ 8ರ ದರದಲ್ಲಿ ಪರಿಹಾರವನ್ನು ಪಿಂಚಣಿದಾರರು ಕೇಳದೆಯೇ ಖಾತೆಗೆ ಹಾಕಬೇಕೆಂದು ರಿಸರ್ವ್ ಬ್ಯಾಂಕಿನ ನಿರ್ದೇಶನವಿದೆ. ಹಾಕಿಲ್ಲವಾದರೆ ಶಾಖೆಗೆ ಲಿಖಿತ ದೂರು ಕೊಟ್ಟು 30 ದಿನ ಕಾಯಬೇಕು. ಉತ್ತರ ಬಾರದಿದ್ದರೆ ಅಥವಾ ಸಮಾಧಾನಕರವಾಗಿಲ್ಲದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ cms.rbi.org.in ತಾಣದಲ್ಲಿ ದೂರು ಸಲ್ಲಿಸಬಹುದು. ಅದಕ್ಕೆ ಶುಲ್ಕವಿಲ್ಲ. ವಿಚಾರಿಸಲು 14448 ಸಂಖ್ಯೆಗೆ ಕರೆ ಮಾಡಬಹುದು. ದೂರಿನ ಜೊತೆ ಪಿ.ಪಿ.ಒ. ಪ್ರತಿ, ಹಣ ಬಾರದ ತಿಂಗಳುಗಳ ಪಾಸ್‌ಬುಕ್ ಪುಟ, ಶಾಖೆಗೆ ಕೊಟ್ಟ ದೂರಿನ ಮೊಹರು ಬಿದ್ದ ಪ್ರತಿ ಇರಬೇಕು.